ಚೈನಿನ ಫೋಟೋ ಕಳಿಸೋ ಮುಂಚೆ ಒಂದ್ಸಲ ಒರೆಸಿ

ಹೋದ ಭಾನುವಾರ ತೋಟದಲ್ಲಿ ತೆಂಗಿನ ಬುಡಕ್ಕೆ ಗೊಬ್ಬರ ಹಾಕಿಸ್ತಾ ಇದ್ದೆ. ತಂಗಿ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ಲು. ಅವಳ ಮಗಳ ಗೇರ್ ಸೈಕಲ್ಲಿನ ಚೈನು ಮತ್ತೆ ಹಿಂದಿನ ಗೇರುಗಳು. ಎಲ್ಲಾ ಕೆಂಪಗೆ ಕಾಣ್ತಾ ಇತ್ತು. ಜೊತೇಲಿ ಒಂದು ವಾಯ್ಸ್ ಮೆಸೇಜು: "ಅಣ್ಣ, ರಜದಲ್ಲಿ ಸೈಕಲ್ ಶೆಡ್ಡಲ್ಲಿ ನಿಂತಿತ್ತು, ನೋಡು ಹೆಂಗಾಗೈತೆ. ನಾಳಿದ್ದು ಇಸ್ಕೂಲು ಶುರು. ಅಂಗಡಿಯವ್ರು ಚೈನು, ಹಿಂದ್ಗಡೆ ಗೇರು, ಮುಂದ್ಗಡೆ ಚೈನ್ ವೀಲು ಎಲ್ಲಾ ಬದಲಾಯಿಸ್ಬೇಕು, ₹1,400 ಆಗುತ್ತೆ ಅಂತಾರೆ. ಇವ್ರು ಎಣ್ಣೆ ಬಿಟ್ರೆ ಸಾಕು ಅಂತಾರೆ. ನೀನೇನಂತೀಯ?"

ಬೇಸಾಯಕ್ಕೆ ಕೂರೋ ಮುಂಚೆ ನಾನು ಎರಡು ವರ್ಷ ಬಸ್ ಸ್ಟ್ಯಾಂಡ್ ಹತ್ರದ ಸೈಕಲ್ ಶಾಪಲ್ಲಿ ಕೆಲಸ ಮಾಡಿದ್ದೆ. ಅದಕ್ಕೇ ಮನೆಯವರು, ಅಕ್ಕಪಕ್ಕದವರು ಇಂಥ ಫೋಟೋ ಕಳಿಸ್ತಾನೇ ಇರ್ತಾರೆ. ಮೊದಲೆಲ್ಲ ಫೋಟೋ ನೋಡಿದ ತಕ್ಷಣ ಉತ್ತರ ಹೇಳಿಬಿಡ್ತಿದ್ದೆ. ಈಗ ಹೇಳಲ್ಲ. ಅದಕ್ಕೆ ಕಾರಣ ಹೋದ ವರ್ಷ ನಾನೇ ಮಾಡಿದ ತಪ್ಪು. ಅದನ್ನ ಮೊದಲು ಹೇಳ್ತೀನಿ.

ಪಕ್ಕದ ಹಳ್ಳಿಯ ಒಬ್ಬರು ಮಗನ ಸೈಕಲ್ ಚೈನಿನ ಫೋಟೋ ಕಳಿಸಿದ್ರು. ಆ ಹುಡುಗ ದಿನಾ ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನ್ ಹಾಕ್ಕೊಂಡು ಹೋಗ್ತಿದ್ದ. "ಏರು ಹತ್ತುವಾಗ ಕಟಕ್ ಅಂತ ಶಬ್ದ ಬರುತ್ತೆ, ನೋಡಣ್ಣ" ಅಂದ್ರು. ಫೋಟೋದಲ್ಲಿ ಚೈನು ಕಪ್ಪಗೆ, ಎಣ್ಣೆ ಹಚ್ಚಿ ಮಿಣಮಿಣ ಅಂತಿತ್ತು. ಒಂದು ಚುಕ್ಕೆ ತುಕ್ಕು ಇರಲಿಲ್ಲ. "ಚೈನು ಚೆನ್ನಾಗಿದೆ, ಸಡಿಲ ಆಗಿರ್ಬೇಕು, ಹಿಂದಿನ ಚಕ್ರ ಸ್ವಲ್ಪ ಎಳೆದು ಬಿಗಿ ಮಾಡಿ" ಅಂದೆ. ನಾಲ್ಕನೇ ದಿನ ಕೆರೆ ಏರಿ ಹತ್ತೋವಾಗ ಹುಡುಗ ಎದ್ದು ನಿಂತು ಪೆಡಲ್ ತುಳಿದಿದ್ದಾನೆ, ಚೈನು ಹಲ್ಲಿನ ಮೇಲೆ ಜಾರಿದೆ. ಪೆಡಲ್ ಒಮ್ಮೆಲೇ ಕೆಳಗೆ ಹೋಯ್ತು, ಹುಡುಗ ಹ್ಯಾಂಡಲ್ ಮೇಲೆ ಬಿದ್ದ. ಗದ್ದಕ್ಕೆ ಐದು ಹೊಲಿಗೆ. ಹಿಂದಿಂದ ಲಾರಿ ಬರ್ತಿರಲಿಲ್ಲ ಅನ್ನೋದೇ ಪುಣ್ಯ.

ಆಮೇಲೆ ನಾನೇ ಹೋಗಿ ಚೈನು ಒರೆಸಿ ಟೇಪ್ ಇಟ್ಟು ನೋಡಿದೆ. ಚೈನು ವಿಪರೀತ ಸವೆದಿತ್ತು. ಫ್ರೀವೀಲಿನ ಹಲ್ಲು ಕುಡುಗೋಲಿನ ಮೂತಿ ಥರ ಬಾಗಿತ್ತು. ಟ್ರ್ಯಾಕ್ಟರಿಂದ ಬಸಿದ ಹಳೇ ಇಂಜಿನ್ ಆಯಿಲ್ ಹಚ್ಚಿದ್ದರಿಂದ ಎಲ್ಲಾ ಮುಚ್ಚಿಹೋಗಿತ್ತು. ಅವತ್ತು ನನಗೆ ಒಂದು ವಿಷಯ ಗಟ್ಟಿಯಾಗಿ ಗೊತ್ತಾಯ್ತು. ಕೆಂಪಗೆ ಕಾಣೋ ಚೈನು ಚೆನ್ನಾಗಿರಬಹುದು, ಕಪ್ಪಗೆ ಹೊಳೆಯೋದು ಹಾಳಾಗಿರಬಹುದು. ಬಣ್ಣ ನೋಡಿ ಹೇಳಬಾರದು. ತುಕ್ಕು ಎಲ್ಲಿ ಕೂತಿದೆ, ಎಷ್ಟು ಆಳಕ್ಕೆ ತಿಂದಿದೆ, ಚೈನು ಎಷ್ಟು ಸವೆದಿದೆ, ಇವು ಮೂರು ನೋಡ್ಬೇಕು.

ಅದಕ್ಕೇ ತಂಗಿಗೆ "ಈ ಫೋಟೋ ನೋಡಿ ನಾನೇನೂ ಹೇಳಕ್ಕಾಗಲ್ಲ ಕಣವ್ವ. ಒಣ ಬಟ್ಟೆ ತಗೊಂಡು ಚೈನು ಹಿಡ್ಕೊಂಡು ಪೆಡಲ್ ಹಿಂದಕ್ಕೆ ನಾಲ್ಕು ಸುತ್ತು ತಿರುಗಿಸು. ಆಮೇಲೆ ಹೊರಗೆ ಬೆಳಕಿಗೆ ತಂದು ಇನ್ನೊಂದು ಫೋಟೋ ತೆಗಿ. ಫ್ಲ್ಯಾಷ್ ಹಾಕ್ಬೇಡ. ಅರ್ಧ ಅಡಿ ದೂರದಿಂದ, ನೇರ ಪಕ್ಕದಿಂದ ತೆಗಿ" ಅಂದೆ. ಬಟ್ಟೇಲಿ ಒರೆಸೋವಾಗ ಬೆರಳು ಚೈನು ಮತ್ತೆ ಹಲ್ಲಿನ ನಡುವೆ ಹೋಗದಂಗೆ ಕೆಳಗಿನ ಸಾಲಿನ ಮಧ್ಯದಲ್ಲಿ ಹಿಡೀಬೇಕು, ಅದನ್ನೂ ಹೇಳಿದೆ.

ಒರೆಸೋಕೆ ಹೇಳೋದು ಯಾಕೆ ಅಂದ್ರೆ ನಮ್ಮ ಕಡೆ ಮಣ್ಣೇ ಕೆಂಪು. ಎಣ್ಣೆ ಪಸೆ ಇರೋ ಚೈನಿಗೆ ಕೆಮ್ಮಣ್ಣಿನ ಧೂಳು ಅಂಟಿದ್ರೆ ಫೋಟೋದಲ್ಲಿ ಥೇಟ್ ತುಕ್ಕಿನ ಥರಾನೇ ಕಾಣುತ್ತೆ. ಮಣ್ಣಾದ್ರೆ ಒರೆಸಿದಾಗ ಹೋಗುತ್ತೆ, ಕೆಳಗೆ ಬೂದು ಬಣ್ಣದ ಉಕ್ಕು ಕಾಣುತ್ತೆ. ತುಕ್ಕಾದ್ರೆ ಬಟ್ಟೆಗೆ ಕಿತ್ತಳೆ ಪುಡಿ ಹತ್ತುತ್ತೆ, ಚೈನಿನ ಮೇಲೂ ಕಲೆ ಉಳಿಯುತ್ತೆ. ಅರ್ಧ ಜನರ ಚಿಂತೆ ಈ ಒಂದು ಒರೆಸೋದ್ರಲ್ಲೇ ಮುಗಿದುಹೋಗುತ್ತೆ.

ಎರಡನೇ ಫೋಟೋ ಬಂತು. ಈಗ ನೋಡೋಕೆ ಏನಾದ್ರೂ ಇತ್ತು.

ಚೈನಿನ ಒಂದೊಂದು ಕೊಂಡಿಯಲ್ಲೂ ಹೊರಗಡೆ ಎರಡು ಪ್ಲೇಟು, ಒಳಗಡೆ ಎರಡು ಪ್ಲೇಟು, ಅವನ್ನ ಸೇರಿಸೋ ಪಿನ್ನು, ಪಿನ್ನಿನ ಸುತ್ತ ತಿರುಗೋ ರೋಲರ್ ಇರುತ್ತೆ. ತುಕ್ಕು ಹೊರಗಿನ ಪ್ಲೇಟಿನ ಮುಖದ ಮೇಲೆ ಮಾತ್ರ ತೆಳ್ಳಗೆ ಇದ್ದು, ರೋಲರ್ ಬೆಳ್ಳಗೆ ಹೊಳೀತಾ ಇದ್ರೆ ಅದು ಮಳೆ ಹನಿಯ ತುಕ್ಕು. ನೋಡೋಕೆ ಹೆದರಿಸುತ್ತೆ ಅಷ್ಟೆ. ಕೆಲಸ ಮಾಡೋ ಜಾಗ ಪಿನ್ನು, ರೋಲರ್ ಮತ್ತೆ ಪ್ಲೇಟುಗಳ ಸಂದಿ. ತುಕ್ಕು ಆ ಸಂದಿಯಿಂದ ಹೊರಗೆ ಒಸರಿದಂಗೆ ಕಂಡ್ರೆ, ಪಿನ್ನಿನ ತಲೆ ಸುತ್ತ ಕೆಂಪು ಉಂಗುರ ಇದ್ರೆ, ಒಳಗೆ ಎಣ್ಣೆ ಪೂರ್ತಿ ಒಣಗಿದೆ ಅಂತ ಅರ್ಥ. ಇನ್ನು ಪ್ಲೇಟಿನ ಮೇಲೆ ಸಾಸಿವೆ ಕಾಳಿನ ಗುರುತಿನಂಥ ಗುಳಿ ಬಿದ್ದಿದ್ರೆ, ಅಂಚು ಮೊನಚು ಕಳ್ಕೊಂಡು ಪುಡಿಪುಡಿ ಆಗ್ತಾ ಇದ್ರೆ, ಅದು ಲೋಹವನ್ನೇ ತಿಂದಿದೆ. ತಿಂದು ಹೋದ ಉಕ್ಕನ್ನ ಯಾವ ಎಣ್ಣೆನೂ ವಾಪಸ್ ತರಲ್ಲ.

ತಂಗಿ ಕಳಿಸಿದ ಫೋಟೋದಲ್ಲಿ ಚೈನಿನ ಬಹುಭಾಗ ಬರೀ ಮುಖದ ತುಕ್ಕು. ಆದ್ರೆ ಕೆಳಗಿನ ಸಾಲಲ್ಲಿ ಹತ್ತು ಹನ್ನೆರಡು ಕೊಂಡಿ ಮಾತ್ರ ಕಡು ಕಂದು ಬಣ್ಣ, ಮೇಲೆಲ್ಲ ಗುಳಿ, ಸಂದಿಯಲ್ಲಿ ಬಿಳೀ ಪುಡಿ. ಮಳೆ ನೀರಾದ್ರೆ ಎಲ್ಲಾ ಕಡೆ ಒಂದೇ ಥರ ಹಿಡೀಬೇಕಿತ್ತು. ನನಗೆ ಅನುಮಾನ ಬಂತು. "ಸೈಕಲ್ಲು ಶೆಡ್ಡಲ್ಲಿ ಯಾವುದಕ್ಕೆ ಒರಗಿಸಿದ್ರಿ?" ಅಂತ ಕೇಳಿದೆ. "ಗೊಬ್ಬರದ ಚೀಲಕ್ಕೆ" ಅಂದ್ಲು. ಯಾವ ಗೊಬ್ಬರ ಅಂದ್ರೆ, ಪೊಟ್ಯಾಷ್. ಚೀಲ ಇಲಿ ಕಡಿದು ಸೋರ್ತಾ ಇತ್ತಂತೆ.

ನಾವು ತೆಂಗಿಗೆ ಹಾಕೋ ಎಂಒಪಿ ಅಂದ್ರೆ ಪೊಟ್ಯಾಷಿಯಂ ಕ್ಲೋರೈಡು, ಅಡಿಗೆ ಉಪ್ಪಿನ ದಾಯಾದಿ. ಮೋಡದ ದಿನ ಗಾಳಿಯ ತೇವಕ್ಕೆ ಒದ್ದೆಯಾಗುತ್ತೆ, ಆ ಉಪ್ಪು ನೀರು ಉಕ್ಕಿಗೆ ಅಂಟಿ ಕೂತಲ್ಲೇ ಕೂತು ಗುಳಿ ತೋಡುತ್ತೆ. ಮಳೆ ತುಕ್ಕು ಮೇಲ್ಮೇಲೆ ಹರಡಿದ್ರೆ, ಉಪ್ಪಿನ ತುಕ್ಕು ಒಂದೇ ಕಡೆ ಆಳಕ್ಕೆ ಇಳಿಯುತ್ತೆ. ಒಂದು ತಿಂಗಳ ರಜ, ಮಧ್ಯೆ ಎರಡು ಮೂರು ಮಳೆ. ಅಷ್ಟು ಸಾಕು. ಕ್ಯಾರಿಯರ್ ಮೇಲೆ ಗೊಬ್ಬರ ಚೀಲ ಹೇರೋ ಸೈಕಲ್ಲಿಗೂ ಇದೇ ಗತಿ.

ಆಮೇಲೆ ಒಂದು ವಿಡಿಯೋ ಕೇಳಿದೆ. ಪೆಡಲ್ಲನ್ನ ನಿಧಾನಕ್ಕೆ ಹಿಂದಕ್ಕೆ ತಿರುಗಿಸ್ಬೇಕು, ಹಿಂದೆ ಗೇರಿನ ಕೆಳಗೆ ನೇತಾಡೋ ಎರಡು ಪುಟ್ಟ ಚಕ್ರ ಇದೆಯಲ್ಲ, ಅಲ್ಲಿಗೆ ಫೋನ್ ಹಿಡೀಬೇಕು. ಚೈನು ಅಲ್ಲಿ ಬಿಗಿಯಾಗಿ ಬಾಗುತ್ತೆ. ಸಂದಿಯಲ್ಲಿ ತುಕ್ಕು ಹಿಡಿದು ಬಿಗಿದುಕೊಂಡ ಕೊಂಡಿ ಆ ಚಕ್ರ ದಾಟಿದ ಮೇಲೂ ನೆಟ್ಟಗಾಗಲ್ಲ, ಮಂಡಿ ಮಡಚಿದಂಗೆ ನಿಲ್ಲುತ್ತೆ, ಚೈನು ಟಕ್ ಅಂತ ಎಗರುತ್ತೆ. ನಿಂತ ಫೋಟೋದಲ್ಲಿ ಇದು ಎಷ್ಟೋ ಸಲ ಕಾಣಲ್ಲ. ವಿಡಿಯೋದಲ್ಲಿ ಮೂರು ಕಡೆ ಎಗರ್ತು. ಮೂರೂ ಆ ಕಂದು ಭಾಗದಲ್ಲೇ.

ಇಷ್ಟಾದ ಮೇಲೆ ಅಳತೆ. ಚೈನು "ಎಳೆದುಕೊಂಡಿದೆ" ಅಂತ ನಾವು ಹೇಳ್ತೀವಿ, ಆದ್ರೆ ಉಕ್ಕು ಎಳೆಯಲ್ಲ. ಪಿನ್ನು ಮತ್ತೆ ಅದು ಕೂರೋ ತೂತು ಕೂದಲೆಳೆಯಷ್ಟು ಸವೀತವೆ. ಒಂದೊಂದು ಕೊಂಡಿಯದ್ದೂ ಸೇರಿ ಚೈನು ಉದ್ದ ಆಗುತ್ತೆ. ತುಕ್ಕು ಪುಡಿ, ಮಣ್ಣು ಸೇರಿದ್ರೆ ಅದು ಸಾಣೆ ಪುಡಿಯಂಗೆ ಕೆಲಸ ಮಾಡುತ್ತೆ. ಉದ್ದ ಆದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿ ಕಡೆ ಏರುತ್ತೆ, ಹಲ್ಲನ್ನೂ ಸವೆಸುತ್ತೆ, ಕೊನೆಗೆ ಜಾರುತ್ತೆ. ಆ ಹಾಲಿನ ಹುಡುಗನಿಗೆ ಆಗಿದ್ದು ಇದೇ.

ಅಳೆಯೋದು ಸುಲಭ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನ ನಡುಮಧ್ಯದಿಂದ ಮುಂದಿನ ಪಿನ್ನಿನ ನಡುಮಧ್ಯಕ್ಕೆ ಅರ್ಧ ಇಂಚು. ಸಾದಾ ಸೈಕಲ್ಲಾಗಲಿ, ಗೇರ್ ಸೈಕಲ್ಲಾಗಲಿ ಇದೇ ಲೆಕ್ಕ, ಅಗಲ ಮಾತ್ರ ಬೇರೆ. ಹಾಗಾಗಿ 24 ಪಿನ್ನು ದಾಟಿದ್ರೆ ಸರಿಯಾಗಿ 12 ಇಂಚು ಬರಬೇಕು. ಮಕ್ಕಳ ಸ್ಕೇಲು ಬೇಡ, ಅದು 12 ಇಂಚಿಗೇ ಮುಗಿಯುತ್ತೆ, ಹೆಚ್ಚು ಬಂದದ್ದು ಕಾಣಲ್ಲ. ಗಾರೆ ಕೆಲಸದವರ ಉಕ್ಕಿನ ಟೇಪ್ ತಗೊಳ್ಳಿ. ಟೇಪಿನ ಕೊಕ್ಕೆ ಅಲ್ಲಾಡುತ್ತೆ, ಅದಕ್ಕೆ ಸೊನ್ನೆಯಿಂದ ಶುರು ಮಾಡ್ಬೇಡಿ. ಒಂದು ಪಿನ್ನಿನ ನಡುಮಧ್ಯಕ್ಕೆ 1 ಇಂಚಿನ ಗೆರೆ ಇಡಿ. ಒಬ್ಬರು ಪೆಡಲ್ ಅದುಮಿ ಹಿಡಿದು ಮೇಲಿನ ಸಾಲು ಬಿಗಿಯಾಗಿರಲಿ. ಆ ಪಿನ್ನು ಸೊನ್ನೆ ಅಂತಿಟ್ಟು ಎಣಿಸಿದ್ರೆ 24ನೇ ಪಿನ್ನಿನ ನಡುಮಧ್ಯ 13 ಇಂಚಿನ ಗೆರೆ ಮೇಲೆ ಇರ್ಬೇಕು.

ಟೇಪಿನಲ್ಲಿ ಒಂದಿಂಚಿಗೆ 16 ಸಣ್ಣ ಗೆರೆ ಇರುತ್ತೆ. 13ರ ಗೆರೆ ಮೇಲೆ ಅಥವಾ ಒಂದು ಸಣ್ಣ ಗೆರೆಯ ಒಳಗಿದ್ರೆ ಚೈನು ಇನ್ನೂ ಬಾಳುತ್ತೆ. ಒಂದು ಸಣ್ಣ ಗೆರೆಯಷ್ಟು ಮುಂದೆ ಹೋಗಿದ್ರೆ ಗೇರ್ ಸೈಕಲ್ಲಿನ ಚೈನು ಬದಲಾಯಿಸೋ ಕಾಲ, ಆಗ ಬದಲಾಯಿಸಿದ್ರೆ ಹಿಂದಿನ ಗೇರು ಸಾಮಾನ್ಯವಾಗಿ ಉಳಿಯುತ್ತೆ. ಎರಡು ಸಣ್ಣ ಗೆರೆ ದಾಟಿದ್ರೆ ಹಲ್ಲೂ ಸವೆದಿರುತ್ತೆ, ಬರೀ ಚೈನು ಹಾಕಿದ್ರೆ ಹೊಸ ಚೈನು ಹಳೇ ಹಲ್ಲಿನ ಮೇಲೆ ಜಾರುತ್ತೆ. ಗೇರ್ ಇಲ್ಲದ ಸಾದಾ ಸೈಕಲ್ಲನ್ನ ಎರಡು ಗೆರೆ ತನಕ ಓಡಿಸಬಹುದು, ಅದರಾಚೆ ಬೇಡ.

ಇದರ ಫೋಟೋ ಕಳಿಸೋದಾದ್ರೆ ಇಡೀ ಚೈನಿನದ್ದು ಒಂದೇ ಫೋಟೋ ಬೇಡ. ಓರೆಯಿಂದ ತೆಗೆದ್ರೆ ಆ ಒಂದು ಗೆರೆ ವ್ಯತ್ಯಾಸ ಸುಳ್ಳು ಹೇಳುತ್ತೆ. 1 ಇಂಚಿನ ಕಡೆ ಒಂದು, 13 ಇಂಚಿನ ಕಡೆ ಒಂದು, ಎರಡೂ ನೇರ ಎದುರಿಂದ ತೆಗೀರಿ. ತಂಗಿ ಹಂಗೇ ಕಳಿಸಿದ್ಲು. ಪಿನ್ನು 13ರ ಗೆರೆಯಿಂದ ಅರ್ಧ ಸಣ್ಣ ಗೆರೆ ಮುಂದಿತ್ತು. ಅಂದ್ರೆ ಸವೆತದ ಲೆಕ್ಕದಲ್ಲಿ ಚೈನು ಚೆನ್ನಾಗೇ ಇತ್ತು.

ಇನ್ನು ಉಳಿದದ್ದು ಹಲ್ಲು. ಅಂಗಡಿಯವರು ಗೇರಿನ ಹಲ್ಲು ತೋರಿಸಿ "ನೋಡಿ, ಕೆಲವು ಹಲ್ಲು ಗಿಡ್ಡ ಆಗಿವೆ, ಓರೆ ಆಗಿವೆ, ಸವೆದುಹೋಗಿವೆ" ಅಂದಿದ್ರಂತೆ. ಇಲ್ಲಿ ಬಹಳ ಜನ ಮೋಸ ಹೋಗ್ತಾರೆ. ಗೇರ್ ಸೈಕಲ್ಲಿನ ಹಿಂದಿನ ಬಿಲ್ಲೆಗಳಲ್ಲಿ ಕೆಲವು ಹಲ್ಲನ್ನ ಕಂಪನಿಯವರೇ ಗಿಡ್ಡವಾಗಿ, ಓರೆಯಾಗಿ ಕತ್ತರಿಸಿರ್ತಾರೆ, ಚೈನು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಸಲೀಸಾಗಿ ಹತ್ತಲಿ ಅಂತ. ಸವೆತ ಹಂಗಿರಲ್ಲ. ಸವೆದ ಬಿಲ್ಲೆಯಲ್ಲಿ ಸುತ್ತಲೂ ಎಲ್ಲಾ ಹಲ್ಲು ಒಂದೇ ದಿಕ್ಕಿಗೆ ಬಾಗಿ ಕೊಕ್ಕೆ ಆಗಿರ್ತವೆ, ಹಲ್ಲಿನ ನಡುವಿನ ಕಣಿವೆ ಅಗಲ ಆಗಿರುತ್ತೆ. ಅದೂ ಜಾಸ್ತಿ ಬಳಸೋ ಒಂದೆರಡು ಬಿಲ್ಲೆಯಲ್ಲಿ ಮೊದಲು ಕಾಣುತ್ತೆ. ಮಗಳು ಯಾವ ಗೇರಲ್ಲಿ ಜಾಸ್ತಿ ಓಡಿಸ್ತಾಳೆ ಕೇಳಿ ಅದರದ್ದೇ ಫೋಟೋ ತರಿಸಿದೆ, ಅದನ್ನ ಪಕ್ಕದ ಬಿಲ್ಲೆ ಜೊತೆ ಹೋಲಿಸಿ ನೋಡಿದೆ. ಹಲ್ಲೆಲ್ಲ ಕೆಂಪಗಿದ್ವು, ಆದ್ರೆ ಎರಡು ಬದಿಯೂ ಸಮ ಇದ್ದವು. ಹಲ್ಲಿನ ಮೇಲಿನ ಇಂಥ ತೆಳು ತುಕ್ಕನ್ನ ಚೈನೇ ಎರಡು ದಿನದಲ್ಲಿ ಉಜ್ಜಿ ತೆಗೆಯುತ್ತೆ. ಮುಂದಿನ ಚೈನ್ ವೀಲಿನದ್ದೂ ಅದೇ ಕಥೆ.

ಹಾಗಾಗಿ ನಾನು ಹೇಳಿದ್ದು ಇದು: ಚೈನು ಹೋಯ್ತು, ಗೇರು ಮತ್ತೆ ಚೈನ್ ವೀಲು ಉಳೀತು. ಅಳತೆ ಚೆನ್ನಾಗಿದ್ರೂ ಚೈನು ಯಾಕೆ ಹೋಯ್ತು ಅಂತ ಭಾವ ಕೇಳಿದ್ರು. "ಹಾಳಾದ ಹತ್ತು ಕೊಂಡಿ ಕತ್ತರಿಸಿ ಬೇರೆ ಹಾಕಿಸಿದ್ರೆ ಆಗಲ್ವಾ?" ಸಾದಾ ಪ್ರಶ್ನೆಯಲ್ಲ ಅದು, ಎಷ್ಟೋ ಕಡೆ ಹಂಗೆ ಮಾಡ್ತಾರೆ. ಆದ್ರೆ ತುಂಡು ಸೇರಿಸೋಕೆ ಪಿನ್ನು ಹೊರಗೆ ತಳ್ಳಿ ವಾಪಸ್ ಒತ್ತಬೇಕು, ಅದೂ ಎರಡು ಕಡೆ. ಹಂಗೆ ಒತ್ತಿದ ಪಿನ್ನು ಮೊದಲಿನಷ್ಟು ಗಟ್ಟಿ ಕೂರಲ್ಲ. ಸಾಲದ್ದಕ್ಕೆ ಆ ಉಪ್ಪು ಪಕ್ಕದ ಕೊಂಡಿಗಳ ಸಂದಿಗೂ ಎಷ್ಟು ಹೋಗಿದೆಯೋ ಕಣ್ಣಿಗೆ ಕಾಣಲ್ಲ. ಒಂದು ಪ್ಲೇಟಿನ ಗುಳಿ ಪಿನ್ನಿನ ತೂತಿನ ಅಂಚಿಗೇ ಬಂದಿತ್ತು. ಎದ್ದು ನಿಂತು ತುಳಿದಾಗ ಕಿತ್ತುಬರೋದು ಅಂಥ ಜಾಗದಲ್ಲೇ. ಹುಡುಗಿ ಐದು ಕಿಲೋಮೀಟರ್ ಲಾರಿ ಓಡಾಡೋ ರೋಡಲ್ಲಿ ಹೋಗ್ಬೇಕು.

ಹೊಸ ಚೈನು ₹320 ಆಯ್ತು. ಅಂಗಡಿಗೆ ಹೋದಾಗ ಹಿಂದೆ ಎಷ್ಟು ಬಿಲ್ಲೆ ಇದೆ ಹೇಳಿ ಅದಕ್ಕೆ ಹೊಂದೋ ಅಗಲದ್ದೇ ತರಬೇಕು. ಹಳೇದರ ಕೊಂಡಿ ಎಣಿಸಿ ಅಷ್ಟೇ ಇಟ್ಕೋಬೇಕು, ಪಕ್ಕಪಕ್ಕ ಇಟ್ಟು ಉದ್ದ ನೋಡಿ ಕತ್ತರಿಸಬಾರದು, ಯಾಕಂದ್ರೆ ಹಳೇದು ಸವೆದು ಉದ್ದ ಆಗಿರುತ್ತೆ. ಹಾಕಿದ ಮೇಲೆ ಮನೆ ಮುಂದೆ ಸಮತಟ್ಟು ಜಾಗದಲ್ಲಿ, ಸೀಟಿನ ಮೇಲೆ ಕೂತೇ, ಒಂದೊಂದು ಗೇರಲ್ಲೂ ಜೋರಾಗಿ ತುಳಿದು ನೋಡೋಕೆ ಹೇಳಿದೆ. ಯಾವುದಾದ್ರೂ ಒಂದು ಗೇರಲ್ಲಿ ಮಾತ್ರ ಜಾರಿದ್ರೆ ಆ ಬಿಲ್ಲೆ ಸವೆದಿದೆ, ನನ್ನ ಫೋಟೋ ಲೆಕ್ಕ ತಪ್ಪು ಅಂತ ಅರ್ಥ. ಎಲ್ಲೂ ಜಾರಲಿಲ್ಲ. ಮಂಗಳವಾರ ಮಗಳು ಸೈಕಲ್ಲಲ್ಲೇ ಹೋದ್ಲು.

ಈಗ ನಿಮ್ಮ ಚೈನಿಗೆ ಗುಳಿ ಇಲ್ಲ, ಅಳತೆಯೂ ಸರಿ ಇದೆ, ಬರೀ ಮುಖದ ತುಕ್ಕು, ಒಂದೆರಡು ಕೊಂಡಿ ಬಿಗಿ ಅನ್ನಿ. ಆಗ ಹೊಸದು ಬೇಡ, ತೊಳೆದು ಎಣ್ಣೆ ಹಾಕಿ. ತುಕ್ಕಿನ ಮೇಲೇ ಎಣ್ಣೆ ಸುರಿದ್ರೆ ಪುಡಿ ಒಳಗೆ ಇಳಿದು ಸಾಣೆ ಹಿಡಿಯುತ್ತೆ, ಅದಕ್ಕೇ ಮೊದಲು ತೊಳೀಬೇಕು. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲೋ, ಅದು ಸಿಗದಿದ್ರೆ ಡೀಸೆಲ್ಲಲ್ಲೋ ಅರ್ಧ ಗಂಟೆ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಬಿಗಿದ ಕೊಂಡಿಯನ್ನ ಕೈಯಲ್ಲಿ ಆ ಕಡೆ ಈ ಕಡೆ ಆಡಿಸಿ. ಗೊಬ್ಬರ ತಾಗಿದ ಚೈನಾದ್ರೆ ಅದಕ್ಕೂ ಮೊದಲು ಬರೀ ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸ್ಬೇಕು. ಉಪ್ಪು ನೀರಲ್ಲಿ ಕರಗುತ್ತೆ, ಸೀಮೆಎಣ್ಣೆಯಲ್ಲಿ ಕರಗಲ್ಲ. ಇದನ್ನ ಬಿಟ್ರೆ ಎಷ್ಟು ಎಣ್ಣೆ ಹಾಕಿದ್ರೂ ತಿಂಗಳಲ್ಲಿ ತುಕ್ಕು ವಾಪಸ್. ಹಿಂದಿನ ಗೇರಿನ ನಡುಮಧ್ಯಕ್ಕೆ ಮಾತ್ರ ಸೀಮೆಎಣ್ಣೆ ಸುರೀಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತೆ. ಹಲ್ಲನ್ನ ಬಟ್ಟೆಗೆ ಅದ್ದಿ ಒರೆಸಿದ್ರೆ ಸಾಕು.

ಪೂರ್ತಿ ಒಣಗಿದ ಮೇಲೆ ಒಂದೊಂದು ರೋಲರಿಗೆ ಒಂದೊಂದು ತೊಟ್ಟು ಹೊಸ ಇಂಜಿನ್ ಆಯಿಲ್. ಪೆಡಲ್ ಹತ್ತು ಸುತ್ತು ತಿರುಗಿಸಿ, ಕಾಲು ಗಂಟೆ ಬಿಟ್ಟು ಹೊರಗಿನ ಎಣ್ಣೆ ಒರೆಸಿಬಿಡಿ. ಎಣ್ಣೆ ಬೇಕಿರೋದು ಒಳಗೆ, ಹೊರಗಿದ್ರೆ ಮಣ್ಣು ಹಿಡಿಯುತ್ತೆ. ಬಸಿದ ಹಳೇ ಆಯಿಲಲ್ಲಿ ಇಂಜಿನ್ ಸವೆದ ಪುಡಿ ಇರುತ್ತೆ, ಅದು ಬೇಡ. ನಮ್ಮ ಕಡೆ ಮನೇಲಿ ಕೊಬ್ಬರಿ ಎಣ್ಣೆ ಇದೆ ಅಂತ ಅದನ್ನೇ ಬಿಡೋರಿದ್ದಾರೆ. ಚಳಿಗೆ ಅದು ಗಟ್ಟಿಯಾಗುತ್ತೆ, ದಿನ ಕಳೆದಂಗೆ ಅಂಟಂಟಾಗುತ್ತೆ. ತೊಳೆದು ಎಣ್ಣೆ ಹಾಕಿ ಎರಡು ದಿನ ಓಡಿಸಿದ ಮೇಲೂ ಕೊಂಡಿ ಬಿಗಿಯಾಗೇ ಇದ್ರೆ ಆ ಚೈನಿನ ಆಸೆ ಬಿಡಿ.

ಬರೀ ಎಣ್ಣೆ ಸಾಕಾಗೋದು ಒಂದೇ ಸಂದರ್ಭದಲ್ಲಿ. ಒರೆಸಿದ ಬಟ್ಟೆಗೆ ಕಿತ್ತಳೆ ಪುಡಿ ಬರಲ್ಲ, ಚೈನು ಬೂದು ಬಣ್ಣಕ್ಕೆ ಒಣಗಿದೆ, ತುಳಿದಾಗ ಕಿಚಿಕಿಚಿ ಅನ್ನುತ್ತೆ ಅಂದ್ರೆ ಮಾತ್ರ.

ನನಗೆ ಫೋಟೋ ಕಳಿಸೋರು ಒರೆಸಿ ಕಳಿಸಿ. ಒರೆಸಿದ ಚೈನು, ಹಿಂದಿನ ಗೇರಿನ ಹಲ್ಲು, ಟೇಪಿನ ಎರಡು ತುದಿ, ಪೆಡಲ್ ಹಿಂದಕ್ಕೆ ತಿರುಗಿಸೋ ವಿಡಿಯೋ. ಏರಲ್ಲಿ ಕಟಕ್ ಅಂತ ಜಾರ್ತಾ ಇದ್ರೆ ಫೋಟೋ ಕಳಿಸಿ ಕಾಯ್ತಾ ಕೂರ್ಬೇಡಿ, ಅವತ್ತಿಂದಲೇ ಸೈಕಲ್ ನಿಲ್ಲಿಸಿ. ಇವತ್ತು ಸಂಜೆ ಶೆಡ್ಡಿಗೆ ಹೋದಾಗ ಸೈಕಲ್ಲು ಪೊಟ್ಯಾಷ್ ಚೀಲಕ್ಕೆ ಒರಗಿದ್ರೆ ಆಚೆ ಗೋಡೆಗೆ ಒರಗಿಸಿ ಬನ್ನಿ. ನಾನೂ ತಂಗಿ ಜೊತೆ ಫೋನ್ ಇಟ್ಟ ಮೇಲೆ ನಮ್ಮ ಶೆಡ್ಡಿಗೆ ಹೋಗಿ ನೋಡಿದೆ. ನಮ್ಮದೂ ಅಲ್ಲೇ ಒರಗಿತ್ತು.